ಮಿಕ್ಸಿಯಿಂದ ಸುಟ್ಟ ವಾಸನೆ, ವೇಗವೂ ಇಲ್ಲ: ಕಾರ್ಬನ್ ಬ್ರಷ್ ಬದಲಿಸಿದ ನನ್ನ ಅನುಭವ

ಉಡುಪಿಯ ನಮ್ಮ ಮನೆಯಲ್ಲಿ ಮಿಕ್ಸಿಗೆ ಬಿಡುವಿಲ್ಲ. ಬೆಳಿಗ್ಗೆ ನೀರುದೋಸೆಗೆ ಅಕ್ಕಿ, ಮಧ್ಯಾಹ್ನ ಗಸಿಗೆ ತೆಂಗಿನಕಾಯಿ ಮಸಾಲೆ, ರಾತ್ರಿ ಚಟ್ನಿ. ಕಳೆದ ಮಳೆಗಾಲದಲ್ಲಿ ಈ 750 ವ್ಯಾಟ್ ಮಿಕ್ಸಿಯ ವೇಗ ಕುಸಿಯಿತು. ಸ್ವಿಚ್ 3ರಲ್ಲಿ ಇಟ್ಟರೂ 1ರಲ್ಲಿ ಇಟ್ಟ ಹಾಗೆ ತಿರುಗುತ್ತಿತ್ತು. ಜೊತೆಗೆ ಸುಟ್ಟ ವಾಸನೆ.

"ಮೋಟರ್ ಹೋಯ್ತು ಕಾಣ್ತದೆ, ಹೊಸದೇ ತಾ" ಎಂದರು ಅಮ್ಮ. ನಾನು ಒಪ್ಪಲಿಲ್ಲ. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಬೇಕು. ಮೋಟರಿನ ತಿರುಗುವಿಕೆಯನ್ನು ಜಾರಿನ ಬ್ಲೇಡಿಗೆ ದಾಟಿಸುವ ಕಪ್ಲರ್ ಸವೆದು ಜಾರುತ್ತಿದ್ದರೆ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಮೋಟರಿನೊಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್ ಸುಟ್ಟರೆ ವಾರ್ನಿಶ್ ಸುಟ್ಟ ಹಾಗೆ, ಮೂಗಿಗೆ ಅಂಟಿಕೊಳ್ಳುವ ಘಾಟು. ಅದು ಸ್ವಿಚ್ ಆಫ್ ಮಾಡಿದ ಮೇಲೂ ಬಹಳ ಹೊತ್ತು ಹೋಗುವುದಿಲ್ಲ. ನಮ್ಮದರಲ್ಲಿ ಬಂದದ್ದು ಇವೆರಡೂ ಅಲ್ಲ. ಕಿಡಿ ಹಾರಿದಾಗ ಬರುವಂಥ ಚುರುಕಾದ ವಾಸನೆ, ಮೋಟರ್ ನಿಂತ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತಿತ್ತು.

ಪ್ಲಗ್ ತೆಗೆದು ಜಾರ್ ಬಿಚ್ಚಿ, ಅದರ ಬ್ಲೇಡನ್ನು ಅಡಿಯಿಂದ ಕೈಯಲ್ಲಿ ತಿರುಗಿಸಿದೆ. ನಮ್ಮಲ್ಲಿ ಕಾಯಿ ಅರೆಯುವುದು ಜಾಸ್ತಿ ಅಲ್ವಾ, ಹಾಲು ಬುಷ್‌ಗೆ ಇಳಿದು ಒಣಗಿ ಬ್ಲೇಡ್ ಬಿಗಿಯಾಗುವುದುಂಟು. ಆಗ ಮೋಟರ್ ಸರಿಯಿದ್ದರೂ ವೇಗ ಬರುವುದಿಲ್ಲ. ನಮ್ಮ ಬ್ಲೇಡ್ ಸಲೀಸಾಗಿ ತಿರುಗಿತು. ಆಮೇಲೆ ಜಾರ್ ಇಲ್ಲದೆ ಮೋಟರ್ ಮಾತ್ರ ಓಡಿಸಿದೆ. ಆಗಲೂ ನಿಧಾನ. ಶಬ್ದ ಒಂದೇ ಸಮ ಇರಲಿಲ್ಲ, ಏರುತ್ತಾ ಇಳಿಯುತ್ತಾ ಇತ್ತು. ಬದಿಗೆ ಮೆಲ್ಲ ತಟ್ಟಿದರೆ ಒಮ್ಮೆ ವೇಗ ಹಿಡಿದು ಮತ್ತೆ ಕುಸಿಯುತ್ತಿತ್ತು. ದೀಪ ಆರಿಸಿ, ದೂರದಿಂದಲೇ ಗಾಳಿಯ ಕಿಂಡಿ ನೋಡಿದೆ. ಸಣ್ಣ ನೀಲಿ ಕಿಡಿ ಎಲ್ಲ ಮಿಕ್ಸಿಯಲ್ಲೂ ಇರುತ್ತದೆ. ಇಲ್ಲಿ ಉದ್ದುದ್ದ ಹಳದಿ ಕಿಡಿಗಳು ಹಾರುತ್ತಿದ್ದವು. ಅಲ್ಲಿಗೆ ಬ್ರಷ್ ಮೇಲೆಯೇ ಅನುಮಾನ ಬಂತು.

ಮಿಕ್ಸಿಯೊಳಗೆ ಇರುವುದು ಯೂನಿವರ್ಸಲ್ ಮೋಟರ್. ಅದರಲ್ಲಿ ಫೀಲ್ಡ್ ಕಾಯಿಲ್ ಮತ್ತು ತಿರುಗುವ ಆರ್ಮೇಚರ್ ಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ಹಾಗಾಗಿ ಮೋಟರ್‌ಗೆ ಹೋಗುವ ಕರೆಂಟ್ ಪೂರ್ತಿ ಎರಡು ಕಾರ್ಬನ್ ಬ್ರಷ್‌ಗಳ ಮೂಲಕವೇ ಹಾದು ಹೋಗಬೇಕು. ಬ್ರಷ್‌ಗಳು ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಮೇಲೆ ಉಜ್ಜುತ್ತಿರುತ್ತವೆ. ಜಾರ್ ಇಲ್ಲದಿದ್ದರೆ ಆ ಕಮ್ಯುಟೇಟರ್ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ತಾಮ್ರ ಉಳಿಯಬೇಕಾದರೆ ಕಾರ್ಬನ್ನೇ ಸವೆಯಬೇಕು. ಸವೆದಷ್ಟೂ ಹಿಂದಿನ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಬ್ರಷ್ ಗಿಡ್ಡವಾದಾಗ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡು ಒತ್ತಡ ಇಲ್ಲವಾಗುತ್ತದೆ. ಬ್ರಷ್ ಕುಣಿಯುತ್ತದೆ, ತಾಮ್ರಕ್ಕೂ ಅದಕ್ಕೂ ನಡುವೆ ಕಿಡಿ ಹೊತ್ತುತ್ತದೆ. ವೋಲ್ಟೇಜಿನ ಒಂದಷ್ಟು ಪಾಲು ಆ ಕಿಡಿಯಲ್ಲೇ ಖರ್ಚಾಗಿ ಆರ್ಮೇಚರ್‌ಗೆ ಸಿಗುವುದು ಕಡಿಮೆಯಾಗುತ್ತದೆ. ಅದರಿಂದಲೇ ವೇಗ ಕುಸಿಯುವುದು. ಮೋಟರ್ ತಂಪು ಮಾಡುವ ಫ್ಯಾನ್ ಕೂಡ ಅದೇ ಶಾಫ್ಟ್ ಮೇಲಿದೆ. ಹಾಗಾಗಿ ವೇಗ ಕಮ್ಮಿಯಾದರೆ ಗಾಳಿಯೂ ಕಮ್ಮಿ. ಅಂಥ ಹೊತ್ತಲ್ಲಿ ಗಟ್ಟಿ ಹಿಟ್ಟು ಅರೆಯಲು ಹೊರಟರೆ ಒಳ್ಳೆಯ ವೈಂಡಿಂಗ್ ಕೂಡ ಸುಡಬಹುದು. ಅದಕ್ಕೆ ಅಮ್ಮನಿಗೆ "ಎರಡು ದಿನ ಅರೆಯುವ ಕಲ್ಲೇ ಸಾಕು" ಎಂದು ಹೇಳಿ ಮಿಕ್ಸಿ ನಿಲ್ಲಿಸಿದೆ.

ಪ್ಲಗ್ ತೆಗೆದೇ ಇಟ್ಟು ಮಿಕ್ಸಿಯನ್ನು ತಲೆಕೆಳಗು ಮಾಡಿ ತಳದ ಸ್ಕ್ರೂಗಳನ್ನು ಬಿಚ್ಚಿದೆ. ಕೆಲವು ಮಿಕ್ಸಿಗಳಲ್ಲಿ ಸ್ಕ್ರೂ ರಬ್ಬರ್ ಕಾಲುಗಳ ಅಡಿಯಲ್ಲಿ ಅಡಗಿರುತ್ತದೆ. ವೈರ್‌ಗಳು ಯಾವುದು ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಒಳಗೆಲ್ಲ ಕರಿ ಪುಡಿ. ಹಿತ್ತಾಳೆಯ ಹೋಲ್ಡರ್‌ಗಳಿಂದ ಬ್ರಷ್ ಹೊರಗೆ ತೆಗೆದು ಸ್ಕೇಲಿನಲ್ಲಿ ಅಳೆದೆ. ಒಂದು 8 ಮಿಲಿಮೀಟರ್, ಇನ್ನೊಂದು ಬರೀ 5. ಗಿಡ್ಡ ಬ್ರಷ್‌ನಲ್ಲಿ ಇನ್ನೊಂದು ವಿಷಯ ಕಂಡಿತು. ಸ್ಪ್ರಿಂಗ್ ಒಳಗಿನ ಸಣ್ಣ ತಾಮ್ರದ ಹೆಣೆದ ತಂತಿ ತುಂಡಾಗಿತ್ತು. ಕರೆಂಟ್ ಆ ತಂತಿಯಲ್ಲಿ ಹೋಗಬೇಕು. ಅದು ತುಂಡಾದಾಗ ಕರೆಂಟ್ ಸ್ಪ್ರಿಂಗ್ ಮೂಲಕ ಹರಿದಿದೆ. ಸ್ಪ್ರಿಂಗ್ ಕಾದು ಕಪ್ಪಾಗಿ ಬಿಗಿ ಕಳೆದುಕೊಂಡಿತ್ತು. ಒತ್ತಡ ಕಮ್ಮಿಯಾದ ಕಡೆ ಕಿಡಿ ಜಾಸ್ತಿ, ಕಿಡಿ ಜಾಸ್ತಿಯಾದ ಕಡೆ ಸವೆತ ಜಾಸ್ತಿ. ಒಂದೇ ಬದಿ ಬೇಗ ಸವೆದದ್ದಕ್ಕೆ ಕಾರಣ ಅದೇ.

ಅಂಗಡಿಗೆ ಹೋಗುವ ಮೊದಲು ಕಮ್ಯುಟೇಟರ್ ನೋಡಲೇಬೇಕು. ಸುತ್ತಲೂ ಒಂದೇ ಸಮ ಕಂದು ಬಣ್ಣ ಇದ್ದರೆ ಒಳ್ಳೆಯದು, ಅದನ್ನು ತೆಗೆಯಬಾರದು. ನಮ್ಮದು ಕರಿ ಹಿಡಿದಿತ್ತು, ಆದರೆ ಎಲ್ಲ ಪಟ್ಟಿಗಳ ಮೇಲೂ ಒಂದೇ ತರಹ. ಒಂದೆರಡು ಪಟ್ಟಿ ಮಾತ್ರ ಸುಟ್ಟು ಉಳಿದವು ಚೊಕ್ಕ ಇದ್ದಿದ್ದರೆ ಆರ್ಮೇಚರ್‌ನ ಒಂದು ಸುರುಳಿ ಹೋಗಿದೆ ಎಂದು ಅರ್ಥ. ಮಲ್ಟಿಮೀಟರಿನಲ್ಲಿ ಪಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ನೋಡುತ್ತಾ ಸುತ್ತು ಹಾಕಿದೆ. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಂಖ್ಯೆ ಬಂತು. ಪಟ್ಟಿಗೂ ಶಾಫ್ಟ್‌ಗೂ ಸಂಪರ್ಕ ಇರಬಾರದು, ಇರಲಿಲ್ಲ. ಹೀಗೆ ನೋಡಿದ ಮೇಲೆಯೇ ಬ್ರಷ್‌ಗೆ ದುಡ್ಡು ಹಾಕಲು ಧೈರ್ಯ ಬಂದದ್ದು.

ಹಳೆಯ ಎರಡೂ ಬ್ರಷ್‌ಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ನೋಡಿ, "ತಂದದ್ದು ಒಳ್ಳೇದಾಯ್ತು ಮಾರಾಯ್ರೇ. ಕಂಪೆನಿ ಹೆಸರು ಮಾತ್ರ ಹೇಳಿದ್ರೆ ಸಾಲದು, ಒಂದೇ ಕಂಪೆನಿಯದ್ದೇ ಬೇರೆ ಬೇರೆ ಸೈಜ್ ಉಂಟು" ಎಂದರು. ಅಗಲ ಮತ್ತು ದಪ್ಪ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ತೆಳ್ಳಗಿದ್ದರೆ ಹೋಲ್ಡರಿನಲ್ಲಿ ಅಲುಗುತ್ತದೆ, ದಪ್ಪ ಇದ್ದರೆ ಸಿಕ್ಕಿಬಿದ್ದು ಸ್ಪ್ರಿಂಗ್ ತಳ್ಳಿದರೂ ಬರುವುದಿಲ್ಲ. ಒಂದೇ ಬದಲಿಸಿದರೆ ಎರಡು ಬದಿಯ ಒತ್ತಡ ಸಮ ಇರುವುದಿಲ್ಲ. ಅದಕ್ಕೆ ಜೊತೆಯಾಗಿಯೇ ತಂದೆ.

ಕೂದಲಿನ ಒಣ ಬ್ರಷ್‌ನಿಂದ ಕರಿ ಪುಡಿ ಗುಡಿಸಿದೆ. ಈ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಬಿಡಬಾರದು. ಆಮೇಲೆ ಸಣ್ಣ ಸ್ಯಾಂಡ್ ಪೇಪರಿನ ಪಟ್ಟಿಯನ್ನು ಕಮ್ಯುಟೇಟರ್ ಮೇಲೆ ಮೆಲ್ಲನೆ ಒತ್ತಿ, ಆರ್ಮೇಚರನ್ನು ಕೈಯಿಂದ ತಿರುಗಿಸುತ್ತಾ ಕರಿಯನ್ನು ತೆಗೆದೆ. ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ಸಂದಿಗೆ ಹೋದರೆ ಶಾರ್ಟ್ ಆಗಬಹುದು. ಸಂದಿಗಳನ್ನು ಮರದ ಕಡ್ಡಿಯಿಂದ ಬಿಡಿಸಿದೆ. ಹೊಸ ಬ್ರಷ್‌ನ ತುದಿ ಚಪ್ಪಟೆ ಇರುತ್ತದೆ, ಕಮ್ಯುಟೇಟರ್ ದುಂಡಗೆ. ಹಾಗಾಗಿ ಸ್ಯಾಂಡ್ ಪೇಪರಿನ ಒರಟು ಮುಖ ಹೊರಗೆ ಬರುವಂತೆ ಕಮ್ಯುಟೇಟರ್‌ಗೆ ಸುತ್ತಿ, ಮೇಲೆ ಬ್ರಷ್ ಕೂರಿಸಿ, ಮೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ ತುದಿಯನ್ನು ಕಮಾನು ಮಾಡಿದೆ. ಮತ್ತೆ ಪುಡಿ ಒರೆಸಿದೆ. ತಂತಿ ಸರಿಯಾಗಿ ಒಳಗೆ ಕೂತಿದೆಯೇ, ಬ್ರಷ್ ಹೋಲ್ಡರಿನಲ್ಲಿ ಜಾರುತ್ತದೆಯೇ ಎಂದು ಬೆರಳಿನಿಂದ ತಳ್ಳಿ ನೋಡಿದೆ.

ತಳ ಮುಚ್ಚಿ, ಜಾರ್ ಇಲ್ಲದೆ 1ರಲ್ಲಿ ಐದು ನಿಮಿಷ ಓಡಿಸಿದೆ. ಮೊದಲು ಸ್ವಲ್ಪ ಕಿಡಿ, ಸ್ವಲ್ಪ ವಾಸನೆ. ಹೊಸ ಬ್ರಷ್ ಕೂರುವವರೆಗೆ ಅದು ಸಹಜ, ಮತ್ತೆ ಎರಡೂ ಕಡಿಮೆಯಾಯಿತು. 3ರಲ್ಲಿ ಇಟ್ಟಾಗ ಹಳೆಯ ಕಿರುಚುವ ಶಬ್ದ ಬಂತು. ಕೊನೆಗೆ ಅರ್ಧ ತೆಂಗಿನಕಾಯಿಯ ತುರಿಗೆ ನೀರು ಹಾಕಿ ಅರೆದೆ. ವೇಗ ಕುಸಿಯಲಿಲ್ಲ.

ಹೀಗೆ ಮಾಡಿದ ಮೇಲೂ ಕಮ್ಯುಟೇಟರಿನ ಸುತ್ತ ಉಂಗುರದ ಹಾಗೆ ಕಿಡಿ ಹೊತ್ತುತ್ತಿದ್ದರೆ ಮತ್ತೆ ಬ್ರಷ್ ಬದಲಿಸುತ್ತಾ ಕೂರಬೇಡಿ. ಆರ್ಮೇಚರ್ ಕೆಟ್ಟಿದ್ದರೆ ಅದು ಹೊಸ ಬ್ರಷ್ಷನ್ನೂ ಬೇಗ ತಿಂದುಹಾಕುತ್ತದೆ. ಕಮ್ಯುಟೇಟರಿನಲ್ಲಿ ಆಳದ ಗೆರೆ ಬಿದ್ದಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಲೇತ್‌ಗೆ ಹಾಕಿ ಸಮ ಮಾಡಿಸಬೇಕು, ಮನೆಯ ಸ್ಯಾಂಡ್ ಪೇಪರ್ ಸಾಲದು. ನಾನು ಈಗ ವರ್ಷಕ್ಕೊಮ್ಮೆ ತಳ ಬಿಚ್ಚಿ ಬ್ರಷ್‌ನ ಉದ್ದ ನೋಡುತ್ತೇನೆ. 6 ಮಿಲಿಮೀಟರ್ ಹತ್ತಿರ ಬಂದರೆ ವಾಸನೆಗೆ ಕಾಯದೆ ಎರಡನ್ನೂ ಬದಲಿಸುವುದು.