ಅಂಕ ಬದಲಾಗದಿದ್ದಾಗ ವಿದ್ಯಾರ್ಥಿಗೆ ಉತ್ತರ ಬರೆಯುವುದು ಹೇಗೆ?

ಮಂಡಳಿಯ ವಾರ್ಷಿಕ ಪರೀಕ್ಷೆಯಾದರೆ ಮರುಮೌಲ್ಯಮಾಪನದ ಅರ್ಜಿ ಮಂಡಳಿಗೇ ಹೋಗುತ್ತದೆ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಹಾಗಲ್ಲ, ಅಂಕ ಕೊಟ್ಟ ಮೇಷ್ಟ್ರೇ ಉತ್ತರ ಹೇಳಬೇಕು. ‘ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ’ ಎಂಬ ಒಂದು ಸಾಲು ಉತ್ತರವಾಗುವುದಿಲ್ಲ. ತಾನೆಲ್ಲಿ ತಪ್ಪಿದೆ ಎಂದು ಕೇಳಿದ ಮಗುವಿಗೆ ಅದರಿಂದ ಏನೂ ತಿಳಿಯದು.

ದ್ವಿತೀಯ ಪಿಯು ಭೌತಶಾಸ್ತ್ರದ 3 ಅಂಕದ ಲೆಕ್ಕವೊಂದನ್ನು ನೋಡೋಣ. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ ಮೂಡುತ್ತದೆ? ವಿದ್ಯಾರ್ಥಿನಿ 12 ಸೆಂ.ಮೀ. ಎಂದು ಬರೆದು 1 ಅಂಕ ಪಡೆದಿದ್ದಾಳೆ. ‘ಸೂತ್ರ ಸರಿ ಇದೆ, ಕೂಡಿದ್ದೂ ಸರಿ ಇದೆ, ಕನಿಷ್ಠ 2 ಕೊಡಿ ಸರ್’ ಎಂಬುದು ಅವಳ ಅರ್ಜಿ.

ಮೊದಲು ಪತ್ರಿಕೆಯ ಮುಖಪುಟದ ಮೊತ್ತವನ್ನು ಮತ್ತೆ ಕೂಡಿ. ಅಂಕ ಹಾಕದೆ ಬಿಟ್ಟ ಪುಟವಿದೆಯೇ ಎಂದು ಹೆಚ್ಚುವರಿ ಹಾಳೆಗಳವರೆಗೂ ನೋಡಿ. ಆಮೇಲೆ ಹಳೆಯ ಅಂಕವನ್ನು ಮುಚ್ಚಿಟ್ಟು, ಪಕ್ಕದಲ್ಲಿ ಸ್ಕೀಮ್ ಇಟ್ಟುಕೊಂಡು ಆ ಉತ್ತರವನ್ನು ಹೊಸದಾಗಿ ಓದಿ. ಕೊನೆಗೆ, ಇದೇ ತಪ್ಪು ಮಾಡಿದ ಬೇರೆ ಪತ್ರಿಕೆಗಳಿಗೆ ಎಷ್ಟು ಕೊಟ್ಟಿದ್ದೀರಿ ಎಂದು ತೆಗೆದು ನೋಡಲೇಬೇಕು. ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. ಅಲ್ಲಿ 2 ಕೊಟ್ಟಿದ್ದರೆ ‘ಬದಲಾವಣೆ ಇಲ್ಲ’ ಎನ್ನುವ ಹಕ್ಕು ನಿಮಗಿಲ್ಲ. ಆದರೆ ಬೇರೆಯವರ ಹೆಸರಾಗಲಿ ಅಂಕವಾಗಲಿ ಪತ್ರದಲ್ಲಿ ಬರಬಾರದು.

ಈಗ ಪತ್ರ. ತೀರ್ಮಾನವನ್ನು ಮೊದಲ ಸಾಲಿನಲ್ಲೇ ಹೇಳಿ, ಕೊನೆಯವರೆಗೂ ಕಾಯಿಸಬೇಡಿ. ನಂತರ ಅವಳೇ ಬರೆದ ಸಾಲನ್ನು ಹಿಡಿದು ವಿವರಿಸಿ:

‘11ನೇ ಪ್ರಶ್ನೆಗೆ ಕೊಟ್ಟ 1 ಅಂಕ ಹಾಗೆಯೇ ಉಳಿಯುತ್ತದೆ. ಸ್ಕೀಮ್‌ನಲ್ಲಿ ಸೂತ್ರಕ್ಕೆ 1, ಚಿಹ್ನೆಸಹಿತ ಬೆಲೆ ಹಾಕಿದ್ದಕ್ಕೆ 1, ಮಾನದೊಂದಿಗೆ ಉತ್ತರಕ್ಕೆ 1. ನೀನು ಬರೆದ 1/v − 1/u = 1/f ಸರಿಯಾಗಿದೆ, ಅದಕ್ಕೆ ಅಂಕ ಬಂದಿದೆ. ಎರಡನೇ ಸಾಲಿನಲ್ಲಿ u = +30 ಎಂದು ಹಾಕಿದ್ದೀಯ. ಬೆಳಕು ಸಾಗುವ ದಿಕ್ಕಿಗೆ ವಿರುದ್ಧವಾಗಿ ಅಳೆಯುವುದರಿಂದ ಅದು −30 ಆಗಬೇಕು. ಆಗ 1/v = 1/20 − 1/30 = 1/60, ಅಂದರೆ v = 60 ಸೆಂ.ಮೀ. ನೀನು ಕೂಡಿದ್ದರಲ್ಲಿ ತಪ್ಪಿಲ್ಲ, ನಿಜ. ಆದರೆ ಈ ಲೆಕ್ಕ ಕೇಳಿದ್ದೇ ಚಿಹ್ನೆಯ ನಿಯಮವನ್ನು. ವಸ್ತು 20 ಮತ್ತು 40 ಸೆಂ.ಮೀ. ನಡುವೆ ಇದ್ದಾಗ ಪ್ರತಿಬಿಂಬ 40ರ ಆಚೆಗೇ ಮೂಡುತ್ತದೆ. 12 ಬಂದಾಗಲೇ ಅನುಮಾನಪಡಬಹುದಿತ್ತು.’

ಇದೇ ಪ್ರಶ್ನೆಯಲ್ಲಿ ವರ್ಧನೆಯನ್ನೂ ಕೇಳಿದ್ದು, ಅವಳು 12ನ್ನೇ ಹಿಡಿದು ಸರಿಯಾದ ಕ್ರಮದಲ್ಲಿ ಮಾಡಿದ್ದರೆ ಆ ಹಂತಕ್ಕೆ ಅಂಕ ಕಳೆಯಬಾರದು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಆಗಕೂಡದು.

‘ನೀನು ಇನ್ನೂ ಗಮನಕೊಟ್ಟು ಓದಬೇಕಿತ್ತು’ ಎಂಬಂಥ ಮಾತು ಪತ್ರದಲ್ಲಿ ಬೇಡ. ಅವಳು ಕೇಳಿದ್ದು ಅಂಕದ ಬಗ್ಗೆ, ನಡತೆಯ ಬಗ್ಗೆ ಅಲ್ಲ. ಒಪ್ಪಿಗೆಯಾಗದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕೇಳಬಹುದು ಎಂದು ತಿಳಿಸಿ, ಸ್ಕೀಮ್‌ನ ಪ್ರತಿ ಲಗತ್ತಿಸಿ. ಮತ್ತೊಬ್ಬ ಉಪನ್ಯಾಸಕರು ಪತ್ರಿಕೆ ನೋಡುವುದಾದರೆ, ನೀವು ಹಾಕಿದ ಅಂಕ ಕಾಣದ ಜೆರಾಕ್ಸ್ ಪ್ರತಿಯನ್ನೇ ಅವರಿಗೆ ಕೊಡಿ.