ಆರ್ಡರ್ ಮಾಡಿದ್ದು ಒಂದು ಫಿಲ್ಟರ್, ಫೋನ್ ಮಾಡೋರು ಹತ್ತಾರು ಜನ

ನೀರಿನ ಫಿಲ್ಟರ್ ಆನ್‌ಲೈನ್‌ನಲ್ಲಿ ತರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಷಿನ್ ಗೋಡೆಗೆ ಏರಿದ ಸ್ವಲ್ಪ ದಿನಕ್ಕೆ ಫೋನ್ ಶುರುವಾಗುತ್ತದೆ. "ಸರ್, ಕಂಪನಿಯಿಂದ ಮಾತಾಡ್ತಿದ್ದೀವಿ, ನಿಮ್ಮ ಸರ್ವೀಸ್ ಡ್ಯೂ ಇದೆ." ಹೆಸರು, ಏರಿಯಾ, ಮಾಡೆಲ್ ಎಲ್ಲ ಸರಿಯಾಗಿ ಹೇಳುತ್ತಾರೆ. ಆದರೆ ಅವರು ಕಂಪನಿಯವರೇ ಅಲ್ಲದಿರಬಹುದು. ಮನೆಗೆ ಬಂದು ಚೆನ್ನಾಗಿರುವ ಫಿಲ್ಟರ್ ಕಿತ್ತು, ಯಾವುದೋ ಅಗ್ಗದ್ದನ್ನು ಹಾಕಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಇದಕ್ಕೆ ಎಲ್ಲರೂ ಮಾಡುವುದು ಒಂದೇ: ಬೈದು ನಂಬರ್ ಬ್ಲಾಕ್ ಮಾಡುವುದು. ಮರುದಿನ ಬೇರೆ ನಂಬರಿನಿಂದ ಬರುತ್ತದೆ.

ಆರ್ಡರ್ ಮಾಡುವ ಮುಂಚೆ

ಶಾಪಿಂಗ್‌ಗೆ ಅಂತಲೇ ಒಂದು ಬೇರೆ ಸಿಮ್ ಇಟ್ಟುಕೊಳ್ಳಿ. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಎರಡು ಸಿಮ್‌ಗೆ ಜಾಗ ಇರುತ್ತದೆ. ಬ್ಯಾಂಕ್, ಆಧಾರ್, ಯುಪಿಐ ಇರುವ ನಂಬರ್ ಒಂದು, ಡೆಲಿವರಿ ಹುಡುಗನಿಗೆ ಕೊಡುವುದು ಇನ್ನೊಂದು. ಪಾರ್ಸೆಲ್ ಏನೂ ಬರುವುದಿಲ್ಲ ಅನ್ನುವ ದಿನ ಎರಡನೆಯದನ್ನು ಆಫ್ ಮಾಡಿಬಿಡಬಹುದು. ಆ ನೆಮ್ಮದಿಯೇ ಬೇರೆ.

ಇದರಲ್ಲಿ ಒಂದು ಎಡವಟ್ಟು ಆಗುತ್ತದೆ. ಎರಡನೇ ಸಿಮ್‌ಗೆ ರೀಚಾರ್ಜ್ ಮಾಡದೆ ಮರೆತುಬಿಡುತ್ತಾರೆ. 90 ದಿನ ಬಳಸದಿದ್ದರೆ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು. ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಕತ್ತರಿಸಿಕೊಂಡು ಇನ್ನೂ 30 ದಿನ ಉಳಿಸುತ್ತಾರೆ, ಅಷ್ಟೇ. ಆಮೇಲೆ ಆ ನಂಬರ್ ಇನ್ಯಾರಿಗೋ ಸಿಗುತ್ತದೆ. ಶಾಪಿಂಗ್ ಆ್ಯಪ್ ಬರೀ ಒಟಿಪಿಯಲ್ಲಿ ತೆರೆದುಕೊಳ್ಳುವಂಥದ್ದಾದರೆ ಆ ಹೊಸಬರು ನಿಮ್ಮ ಖಾತೆಯೊಳಗೇ ಇರುತ್ತಾರೆ, ಹಳೆಯ ವಿಳಾಸಗಳೆಲ್ಲ ಕಣ್ಣೆದುರಿಗೆ. ಹಾಗಾಗಿ ಸಿಮ್ ಬಿಡುವ ಮುಂಚೆ ಆ್ಯಪ್‌ನಲ್ಲಿ ನಂಬರ್ ಬದಲಾಯಿಸಿ, ವಿಳಾಸ ಅಳಿಸಿ.

ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ "ಟೆಂಪರರಿ ನಂಬರ್" ಕಡೆ ತಲೆ ಹಾಕಲೇಬೇಡಿ. ಅಲ್ಲಿ ಬರುವ ಒಟಿಪಿ ಊರಿಗೆಲ್ಲ ಕಾಣುತ್ತದೆ.

ಹೆಸರು, ವಿಳಾಸ ಬರೆಯುವಾಗ

ಹೆಸರಿನ ಮುಂದೆ ಅಂಗಡಿಗೊಂದು ಅಕ್ಷರ ಸೇರಿಸಿ. ಫಿಲ್ಟರ್ ತರಿಸಿದ ಕಡೆ "ಸವಿತಾ ಎಫ್", ಸೀರೆ ತರಿಸಿದ ಕಡೆ "ಸವಿತಾ ಎಸ್". ನಾಳೆ ಯಾರಾದರೂ "ಸವಿತಾ ಎಫ್ ಮೇಡಂ ಇದ್ದಾರಾ" ಅಂದರೆ ಯಾವ ಆರ್ಡರ್‌ನಿಂದ ಸೋರಿತು ಅಂತ ಗೊತ್ತಾಯಿತಲ್ವಾ? ಅಂಗಡಿಯೇ ಕೊಟ್ಟಿತೋ, ಕೊರಿಯರ್‌ನವರೋ, ಫಿಟ್ ಮಾಡಲು ಬಂದವರೋ, ಅದು ಇದರಿಂದ ತಿಳಿಯುವುದಿಲ್ಲ. ಆದರೆ ದೂರು ಕೊಡುವಾಗ ಹಿಡಿದುಕೊಳ್ಳಲು ಒಂದು ಎಳೆಯಂತೂ ಸಿಗುತ್ತದೆ.

ಡೆಲಿವರಿ ಸೂಚನೆ ಅನ್ನುವ ಜಾಗದಲ್ಲಿ ಜನ ಬರೆಯುವುದನ್ನು ನೋಡಿದರೆ ಗಾಬರಿಯಾಗುತ್ತದೆ. "ಹಗಲು ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ." "ಬೀಗ ಹಾಕಿದ್ದರೆ ಕೀ ಪಕ್ಕದ ಕುಂಡದ ಕೆಳಗೆ." ಅದು ಎಷ್ಟು ಜನರ ಕೈ ದಾಟಿ ಬರುತ್ತದೆ ಅಂತ ಯೋಚಿಸಿ. "ಗಣಪತಿ ದೇವಸ್ಥಾನದ ಎದುರು ಸಾಲು" ಅಂದರೆ ಸಾಕು. ಕೆಳಗಿನ ದಿನಸಿ ಅಂಗಡಿಯವರು ಒಪ್ಪಿದರೆ ಪಾರ್ಸೆಲ್ ಅಲ್ಲಿಗೇ ಹಾಕಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ದುಡ್ಡು ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಆಗಿರುವ ಚೌಕಗಳನ್ನು ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಆಫರ್ ಕಳಿಸಲಿ ಅನ್ನುವುದು ಒಂದು. ಮುಂದಿನ ಸಲಕ್ಕೆ ವಿಳಾಸ ಉಳಿಸಿಕೊಳ್ಳಲಿ ಅನ್ನುವುದು ಇನ್ನೊಂದು. ಎಂದೂ ಹೋಗದ ಅಂಗಡಿಯಲ್ಲಿ ನಂಬರ್ ಹಾಕಿದ ಕೂಡಲೇ ಪೂರ್ತಿ ವಿಳಾಸ ತಾನೇ ಬಂದು ಕೂರುವುದನ್ನು ನೋಡಿರಬಹುದು. ಹಿಂದೆ ಬೇರೆಲ್ಲೋ ಬಿಟ್ಟ ಟಿಕ್‌ನ ಕೆಲಸ ಅದು.

ಡಬ್ಬ ಎಸೆಯುವಾಗ

ಲೇಬಲ್ ಮೇಲೆ ಪೆನ್ನಿನಿಂದ ಗೀಚಿದರೆ ಪ್ರಯೋಜನ ಇಲ್ಲ, ಬೆಳಕಿಗೆ ಹಿಡಿದರೆ ಓದಬಹುದು. ಪೂರ್ತಿ ಕಿತ್ತು ಹರಿಯಿರಿ, ಬಾರ್‌ಕೋಡ್ ಸಮೇತ. ಪ್ಲಾಸ್ಟಿಕ್ ಜೇಬಿನಲ್ಲಿರುವ ಬಿಲ್ ತೆಗೆದಿಟ್ಟುಕೊಳ್ಳಿ, ವಾರಂಟಿಗೆ ಬೇಕು.

ಫೋನ್ ಬರಲು ಶುರುವಾದ ಮೇಲೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೊದಲು, ಕರೆ ಬಂದ ಸಿಮ್‌ನಿಂದಲೇ 1909ಕ್ಕೆ ಈ ಎಸ್ಸೆಮ್ಮೆಸ್ ಕಳಿಸಿ:

```
START 0
```

ಇದು ಡಿಎನ್‌ಡಿ. ಎಲ್ಲ ಜಾಹೀರಾತು ಕರೆಗಳೂ ಬೇಡ ಅಂತ ಅರ್ಥ. ಬ್ಯಾಂಕಿನ ಒಟಿಪಿ, ಡೆಲಿವರಿ ಮೆಸೇಜ್ ಇದರಿಂದ ನಿಲ್ಲುವುದಿಲ್ಲ, ಹೆದರಬೇಡಿ. ಎರಡು ಸಿಮ್ ಇದ್ದರೆ ಎರಡರಿಂದಲೂ ಬೇರೆ ಬೇರೆಯಾಗಿ ಕಳಿಸಬೇಕು.

"ಡಿಎನ್‌ಡಿ ಹಾಕಿದೆ, ಏನೂ ಆಗಲಿಲ್ಲ" ಅನ್ನುವವರು ಇಲ್ಲಿಗೇ ನಿಲ್ಲಿಸಿರುತ್ತಾರೆ. ಡಿಎನ್‌ಡಿ ತಡೆಯುವುದು ನೋಂದಾಯಿತ ಟೆಲಿಮಾರ್ಕೆಟಿಂಗ್‌ನವರನ್ನು. ಅವರ ನಂಬರ್ 140ರಿಂದ ಶುರುವಾಗುತ್ತದೆ. ನಮ್ಮ ಫಿಲ್ಟರ್ ಮಹಾಶಯರು ಕರೆ ಮಾಡುವುದು ಮಾಮೂಲಿ ಹತ್ತು ಅಂಕಿಯ ಮೊಬೈಲ್‌ನಿಂದ, ಪಟ್ಟಿಯಲ್ಲೇ ಇಲ್ಲದವರು. ಇವರಿಗೆ ದೂರೇ ಮದ್ದು. ಡಿಎನ್‌ಡಿ ಹಾಕದಿದ್ದರೂ ಇವರ ಮೇಲೆ ದೂರು ಕೊಡಬಹುದು.

ಕರೆ ಬಂದಾಗ ಸಿಟ್ಟಾಗದೆ ಅರ್ಧ ನಿಮಿಷ ಮಾತಾಡಿ. ಯಾವ ಕಂಪನಿ, ಏನು ಮಾರುತ್ತಿದ್ದೀರಿ, ಇಷ್ಟು ಕೇಳಿ ಇಟ್ಟುಬಿಡಿ. ನಿಮ್ಮ ಕಡೆಯಿಂದ ಏನೂ ಹೇಳಬೇಡಿ, ಮನೆ ನಂಬರ್‌ಗೆ "ಹೌದು" ಕೂಡ ಬೇಡ. ಆಮೇಲೆ 1909ಕ್ಕೆ ಹೀಗೆ ಬರೆಯಿರಿ: ಏನು ಕರೆ, ಯಾವ ನಂಬರ್, ಯಾವ ದಿನ.

```
Water filter service sales call, 98XXXXXXXX, 12/06/25
```

ನಂಬರನ್ನು ಕಾಲ್ ಲಾಗ್‌ನಿಂದ ಕಾಪಿ ಮಾಡಿ, ನೆನಪಿನಿಂದ ಬೇಡ. ಒಂದು ಅಂಕಿ ತಪ್ಪಿದರೆ ದೂರು ಹೋಗುವುದು ಯಾರೋ ಪಾಪದವರ ಮೇಲೆ. ದಿನಾಂಕದಲ್ಲಿ ಮೊದಲು ದಿನ, ಆಮೇಲೆ ತಿಂಗಳು. ಕರೆ ಬಂದ 7 ದಿನದೊಳಗೆ ಕಳಿಸಬೇಕು, ಭಾನುವಾರ ಎಲ್ಲ ಸೇರಿಸಿ ಮಾಡೋಣ ಅಂತ ಕೂರಬೇಡಿ. ದೂರಿನ ನಂಬರ್ ವಾಪಸ್ ಬಂದರೆ ಅದನ್ನು ಅಳಿಸಬೇಡಿ. ಎಸ್ಸೆಮ್ಮೆಸ್ ರಗಳೆ ಅನ್ನಿಸಿದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇದೆ.

ದೂರು ಕೊಟ್ಟು ಏನು ಲಾಭ ಅಂತ ಕೇಳುತ್ತೀರಿ. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಬಿಗಿ ಮಾಡಿದೆ. ಒಂದು ನಂಬರ್ ಮೇಲೆ 10 ದಿನದಲ್ಲಿ 5 ದೂರು ಬಂದರೆ ಫೋನ್ ಕಂಪನಿ ಕ್ರಮಕ್ಕೆ ಇಳಿಯಬೇಕು, ಮುಂಚೆ 7 ದಿನದಲ್ಲಿ 10 ಬೇಕಿತ್ತು. ಹಾಗಾಗಿ ನಿಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಅದೇ ನಂಬರ್ ಕಾಟ ಕೊಟ್ಟವರೆಲ್ಲ ತಮ್ಮ ತಮ್ಮ ಫೋನ್‌ನಿಂದ ದೂರು ಕಳಿಸಿದರೆ ಕೆಲಸ ಬೇಗ ಆಗುತ್ತದೆ. ಬ್ಲಾಕ್ ಮಾಡುವುದು ದೂರು ಕೊಟ್ಟ ಮೇಲೆ.

ಕಾಲರ್ ಹೆಸರು ತೋರಿಸುವ ಆ್ಯಪ್‌ಗಳು ನನಗೆ ಇಷ್ಟವಿಲ್ಲ. ಕಾಂಟ್ಯಾಕ್ಟ್ ಓದಲು ಅನುಮತಿ ಕೇಳುತ್ತವೆ. ನಮ್ಮ ನಂಬರ್ ಕಾಪಾಡಲು ಹೋಗಿ ನೆಂಟರಿಷ್ಟರದ್ದೆಲ್ಲ ಯಾಕೆ ಕೊಡಬೇಕು? ಫೋನಿನಲ್ಲೇ ಇರುವ ಸ್ಪ್ಯಾಮ್ ಸೂಚನೆ ಸಾಕು.

ನಿಜವಾಗಿ ಸರ್ವೀಸ್ ಬೇಕಾದಾಗ ಮೆಷಿನ್ ಮೇಲಿನ ಸ್ಟಿಕ್ಕರ್ ಅಥವಾ ಬಿಲ್‌ನಲ್ಲಿರುವ ನಂಬರ್‌ಗೆ ನೀವೇ ಮಾಡಿ. ಗೂಗಲ್‌ನಲ್ಲಿ ಹುಡುಕಿದ ಮೊದಲ ನಂಬರ್ ಬೇಡ.

ಇದು ಮಾರಾಟದ ಕರೆಯಲ್ಲ, ಮೋಸ

"ಡೆಲಿವರಿ ಹುಡುಗ" ವಿಳಾಸ ಸಿಗುತ್ತಿಲ್ಲ ಅಂತ `*401*` ಇಂದ ಶುರುವಾಗುವ ನಂಬರ್ ಒತ್ತಲು ಹೇಳಿದರೆ ಒತ್ತಬೇಡಿ. ನಿಮ್ಮ ಕರೆಗಳು ಅವನ ಫೋನಿಗೆ ತಿರುಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಅವನಿಗೇ. ಒತ್ತಿಬಿಟ್ಟಿದ್ದರೆ ತಕ್ಷಣ ಇದನ್ನು ಡಯಲ್ ಮಾಡಿ:

```
##002#
```

ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಇಂಥ ಕರೆಯನ್ನು sancharsaathi.gov.in ನಲ್ಲಿರುವ ಚಕ್ಷು ಅನ್ನುವ ದೂರು ವಿಭಾಗಕ್ಕೆ ತಿಳಿಸಿ. ಮೋಸದ ವಾಟ್ಸ್ಆ್ಯಪ್ ಕರೆಗಳೂ ಅಲ್ಲಿಗೇ. ದುಡ್ಡು ಹೋಗಿದ್ದರೆ ಮಾತ್ರ ಅದೆಲ್ಲ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.