ಕ್ಯಾಶ್‌ನಲ್ಲಿ ಕೂತ ದಿನಗಳಿಗೂ ಲೆಕ್ಕ ಇಡಬೇಕು

ನನ್ನ ಪದ್ಧತಿ ಬಹಳ ಸರಳ. ನಿಫ್ಟಿ 50 ತನ್ನ 200 ದಿನಗಳ ಸರಾಸರಿಗಿಂತ ಮೇಲೆ ಮುಗಿದರೆ ಮರುದಿನ ಇಂಡೆಕ್ಸ್ ಇಟಿಎಫ್ ಕೊಳ್ಳುತ್ತೇನೆ. ಕೆಳಗೆ ಮುಗಿದರೆ ಮರುದಿನ ಮಾರಿ ಲಿಕ್ವಿಡ್ ಫಂಡ್‌ಗೆ ಹಾಕುತ್ತೇನೆ. ಶಾರ್ಟ್ ಇಲ್ಲ, ಸಾಲ ಇಲ್ಲ.

ಜಯನಗರದಲ್ಲಿರುವ ನನ್ನ ಗೆಳೆಯ ಇದನ್ನು ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ: "ಸುಮ್ನೆ ಇಂಡೆಕ್ಸ್ ಇಟ್ಕೊಂಡಿದ್ರೆ ಜಾಸ್ತಿ ಬರ್ತಿತ್ತು ಅಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂರನೇ ಒಂದು ಭಾಗ ಸಮಯ ಮಾರುಕಟ್ಟೆಯ ಹೊರಗಿರುವ ಹಣವನ್ನು, ಪೂರ್ತಿ ಸಮಯ ಒಳಗಿರುವ ಹಣದ ಪಕ್ಕ ನಿಲ್ಲಿಸಿದರೆ ಉತ್ತರ ಸಿಗುವುದಿಲ್ಲ. ಎರಡರ ರಿಸ್ಕ್ ಬೇರೆ ಬೇರೆ.

ಮೊದಲು ಡೇಟಾ. ಇಂಡೆಕ್ಸ್ ಕಡೆಗೆ ನಾನು ತೆಗೆದುಕೊಳ್ಳುವುದು ಟೋಟಲ್ ರಿಟರ್ನ್ ಇಂಡೆಕ್ಸ್, ಅಂದರೆ ಡಿವಿಡೆಂಡ್ ಸೇರಿದ್ದು. ಟಿವಿಯಲ್ಲಿ ಕಾಣುವ ನಿಫ್ಟಿಯಲ್ಲಿ ಡಿವಿಡೆಂಡ್ ಇರುವುದಿಲ್ಲ. ಅದನ್ನೇ ಬಳಸಿದರೆ ಎದುರಾಳಿಯ ಕೈಯಿಂದ ಪ್ರತಿ ವರ್ಷ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ ಕಿತ್ತುಕೊಂಡ ಹಾಗೆ. ಕ್ಯಾಶ್ ದಿನಗಳಿಗೆ ಲಿಕ್ವಿಡ್ ಫಂಡ್‌ನ ದಿನದ ಬೆಲೆಯನ್ನೇ ಹಾಕುತ್ತೇನೆ, ಸೊನ್ನೆ ಹಾಕುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಗಳಲ್ಲಿ ಹೇಳುತ್ತೇನೆ. ಇಂಡೆಕ್ಸ್ ವರ್ಷಕ್ಕೆ 12%, ಲಿಕ್ವಿಡ್ ಫಂಡ್ 6%, ಪದ್ಧತಿ 10.8% ಕೊಟ್ಟಿತು ಎಂದುಕೊಳ್ಳಿ. ಪದ್ಧತಿ ಮಾರುಕಟ್ಟೆಯಲ್ಲಿ ಇದ್ದದ್ದು 65% ದಿನ. ಹಾಗಾದರೆ ಸರಿಯಾದ ಎದುರಾಳಿ ಯಾರು? ಯಾವ ಸಿಗ್ನಲ್ಲೂ ನೋಡದೆ ಸದಾ 65% ಇಂಡೆಕ್ಸ್, 35% ಲಿಕ್ವಿಡ್ ಫಂಡ್ ಇಟ್ಟುಕೊಂಡವರು. ಅವರಿಗೆ ಸುಮಾರು 7.8 + 2.1 = 9.9% ಸಿಗುತ್ತದೆ. ಇಂಡೆಕ್ಸ್‌ಗಿಂತ ನಾನು 1.2 ಹಿಂದೆ, ಈ ಮಿಶ್ರಣಕ್ಕಿಂತ 0.9 ಮುಂದೆ. ಯಾವಾಗ ಒಳಗಿರಬೇಕು, ಯಾವಾಗ ಹೊರಗಿರಬೇಕು ಎಂಬ ಆಯ್ಕೆಯಿಂದ ಬಂದದ್ದು ಆ 0.9 ಮಾತ್ರ.

ಕೆಲವರು 10.8 ಅನ್ನು 0.65ರಿಂದ ಭಾಗಿಸಿ "ಮಾರುಕಟ್ಟೆಯಲ್ಲಿದ್ದಾಗ 16.6%" ಎನ್ನುತ್ತಾರೆ. ಅದರೊಳಗೆ ಲಿಕ್ವಿಡ್ ಫಂಡ್‌ನ ಬಡ್ಡಿಯೂ ಸೇರಿಕೊಂಡಿದೆ. ಬಡ್ಡಿ ಕಳೆದರೆ ಅದು 13.4%ಕ್ಕೆ ಇಳಿಯುತ್ತದೆ. ಆ ದರವೂ ವರ್ಷಪೂರ್ತಿ ನಮ್ಮ ಕೈಗೆ ಸಿಗುವಂಥದ್ದಲ್ಲ.

ಕುಸಿತವನ್ನೂ ಇದೇ ಮಿಶ್ರಣದ ಪಕ್ಕದಲ್ಲೇ ನೋಡಬೇಕು. 2020ರ ಜನವರಿಯ ಶಿಖರದಿಂದ ಮಾರ್ಚ್ 23ರವರೆಗೆ ನಿಫ್ಟಿ ಸುಮಾರು 38% ಬಿತ್ತು. 65% ಇಂಡೆಕ್ಸ್ ಇಟ್ಟವರಿಗೆ ಅದು ಸುಮಾರು 25%. ನಿಮ್ಮ ಪದ್ಧತಿಯೂ 25% ಬಿದ್ದಿದ್ದರೆ ಅದು ಕಾಪಾಡಿತು ಎನ್ನಲು ಆಗುವುದಿಲ್ಲ, ಸುಮ್ನೆ ಕಡಿಮೆ ಹಣ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಫೆಬ್ರವರಿ ಕೊನೆಯಲ್ಲೇ ನಿಫ್ಟಿ 200 ದಿನಗಳ ಸರಾಸರಿಯ ಕೆಳಗೆ ಹೋಗಿತ್ತು. ಆದ್ದರಿಂದ ಈ ನಿಯಮ ಆ ಸಲ ನಿಜಕ್ಕೂ ಕೆಲಸ ಮಾಡಿತು.

ಆದರೂ ಆ 0.9 ಅದೃಷ್ಟ ಅಲ್ಲ ಅಂತ ಹೇಗೆ ಹೇಳುವುದು? ಅದಕ್ಕೆ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ಒಳಗೆ–ಹೊರಗೆ ಇದ್ದ ದಿನಗಳ ಸಾಲನ್ನು ಹಾಗೇ ಇಟ್ಟು, ಇಡೀ ಸಾಲನ್ನು ಮುಂದಕ್ಕೆ ಜಾರಿಸುವುದು. ಕೊನೆಯಲ್ಲಿ ಉಳಿದದ್ದು ಸುತ್ತಿ ಮೊದಲಿಗೆ ಬರುತ್ತದೆ. 65% ಹಾಗೇ ಉಳಿಯುತ್ತದೆ, ವ್ಯವಹಾರಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಸಮಯ ಮಾತ್ರ.

```python
import numpy as np

def growth(p):
    return (1 + p*idx + (1-p)*cash).prod()

mine = growth(pos)
sim = np.array([growth(np.roll(pos, k))
                for k in range(1, len(pos))])
print((sim < mine).mean())
```

`pos` ಎಂದರೆ 1 ಅಥವಾ 0, ಸಿಗ್ನಲ್ ಬಂದ ಮರುದಿನದಿಂದ ಲೆಕ್ಕ. `idx`, `cash` ಆಯಾ ದಿನದ ರಿಟರ್ನ್. ಜಾರಿಸಿದ ಸಾಲುಗಳಲ್ಲಿ ಎಷ್ಟು ಪಾಲನ್ನು ನನ್ನದು ಹಿಂದಿಕ್ಕಿತು ಎಂಬುದೇ ಉತ್ತರ. ಅದು 0.5ರ ಆಸುಪಾಸು ಬಂದರೆ ಸಿಗ್ನಲ್‌ನಲ್ಲಿ ಹುರುಳಿಲ್ಲ. 0.95 ದಾಟಿದರೆ ಗಮನ ಕೊಡಬಹುದು. ನನ್ನದು ಮುಕ್ಕಾಲರ ಹತ್ತಿರ ನಿಂತಿತು, ಖಚಿತವಾಗಿ ಹೇಳಲು ಅದು ಸಾಲದು. ಒಂದೆರಡು ದಿನ ಜಾರಿಸಿದ ಸಾಲುಗಳು ಮೂಲದಂತೆಯೇ ಇರುತ್ತವೆ. ಹಾಗಾಗಿ ಸಾವಿರಾರು ಸಾಲು ಕಂಡರೂ ಅಷ್ಟು ಸ್ವತಂತ್ರ ಪರೀಕ್ಷೆ ಆದವು ಎಂದುಕೊಳ್ಳಬೇಡಿ. ದೊಡ್ಡ ಕುಸಿತಗಳು ಬೆರಳೆಣಿಕೆಯಷ್ಟೇ. 2008 ಮತ್ತು 2020 ಎರಡನ್ನೂ ಒಂದೊಂದಾಗಿ ತೆಗೆದು ಮತ್ತೆ ಓಡಿಸಿ ನೋಡುವುದು ಒಳ್ಳೆಯದು.

ಕೊನೆಗೆ ತೆರಿಗೆ. 2024ರ ಜುಲೈ 23ರಿಂದ, ಒಂದು ವರ್ಷದೊಳಗೆ ಮಾರಿದ ಇಕ್ವಿಟಿ ಲಾಭಕ್ಕೆ 20%. ಲಿಕ್ವಿಡ್ ಫಂಡ್‌ನ ಲಾಭ, 2023ರ ಏಪ್ರಿಲ್ 1ರಿಂದ ಕೊಂಡದ್ದಾದರೆ, ನಿಮ್ಮ ಸ್ಲ್ಯಾಬ್ ಪ್ರಕಾರ. ಮಾರದೆ ಇಟ್ಟುಕೊಂಡವರು ತೆರಿಗೆಯನ್ನು ಮುಂದೂಡುತ್ತಾರೆ, ಆ ಹಣವೂ ಬೆಳೆಯುತ್ತಿರುತ್ತದೆ. 65/35 ಮಿಶ್ರಣದವರಿಗೂ ಅನುಪಾತ ಸರಿ ಮಾಡುವಾಗ ಸ್ವಲ್ಪ ತೆರಿಗೆ ಬೀಳುತ್ತದೆ, ಆದರೆ ನನ್ನಷ್ಟಲ್ಲ. ಎರಡೂ ಕಡೆ ತೆರಿಗೆ ಕಳೆದರೆ ನನ್ನ 0.9ರಲ್ಲಿ ಉಳಿಯುವುದು ಅತ್ಯಲ್ಪ. ಅದಕ್ಕೇ ಇಕ್ವಿಟಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಮಾತ್ರ ಈ ನಿಯಮಕ್ಕೆ ಬಿಟ್ಟಿದ್ದೇನೆ. ಉಳಿದದ್ದು ಗೆಳೆಯ ಹೇಳಿದಂತೆ ಇಂಡೆಕ್ಸ್‌ನಲ್ಲೇ ಇದೆ.